ಕವಲು ಕಥೆಯ ವಿಡಿಯೊ: ಹಿಂದಕ್ಕೆ ಬರುವ ಜಾಗದಲ್ಲೇ ನೋಡುಗರು ಬಿಟ್ಟು ಹೋಗ್ತಿದ್ದಾರೆ, ಯಾಕೆ?

ಸುಮಾ_ಕಥೆ

ಎಲ್ಲರಿಗೂ ನಮಸ್ಕಾರ. ನಾವು ಮೂರು ಜನ ಸೇರಿ ಒಂದು ಕವಲು ಕಥೆಯ ವಿಡಿಯೊ ಮಾಡ್ತಿದ್ದೇವೆ. ನೋಡುವವರೇ ಆಯ್ಕೆ ಮಾಡಬೇಕು, ಅದರ ಮೇಲೆ ಕಥೆ ಮುಂದೆ ಹೋಗುತ್ತದೆ. ಶೂಟಿಂಗ್ ಬಹುತೇಕ ಮುಗಿದಿದೆ. ಗೊತ್ತಿರುವ ಕೆಲವರಿಗೆ ಕೊಟ್ಟು ನೋಡಿಸಿದೆವು. ಅರ್ಧಕ್ಕಿಂತ ಜಾಸ್ತಿ ಜನ ಒಂದೇ ಜಾಗದಲ್ಲಿ ಬಿಟ್ಟು ಹೋಗ್ತಿದ್ದಾರೆ. ಅದೇ ತಲೆನೋವು.

ಕಥೆ ಹೀಗಿದೆ. ನಾಯಕಿ ಬೀಗ ಹಾಕಿದ್ದ ಹಳೆಯ ಮನೆಗೆ ಬರುತ್ತಾಳೆ. ತಾತ ಬಚ್ಚಿಟ್ಟ ಒಂದು ಪತ್ರ ಹುಡುಕಬೇಕು. ನಡುಮನೆಯಲ್ಲಿ ನಿಲ್ಲುತ್ತಾಳೆ. ಅಲ್ಲಿ ಮೂರು ಆಯ್ಕೆ: ಮಹಡಿ ಹತ್ತುವುದು, ಪಕ್ಕದ ಕೋಣೆಗೆ ಹೋಗುವುದು, ಅಣ್ಣನಿಗೆ ಫೋನ್ ಮಾಡುವುದು.

ಮಹಡಿಗೆ ಹೋದರೆ ಮೆಟ್ಟಿಲು ಮುರಿದು ಫೋನ್ ಬಿದ್ದು ಒಡೆಯುತ್ತದೆ, ವಾಪಸ್ ನಡುಮನೆಗೆ ಬರುತ್ತಾಳೆ. ಅಣ್ಣನಿಗೆ ಫೋನ್ ಮಾಡಿದರೆ ಕೀ ಎಲ್ಲಿದೆ ಅಂತ ಅವನು ಹೇಳುತ್ತಾನೆ, ಮತ್ತೆ ನಡುಮನೆ. ಆಮೇಲೆ ಕೋಣೆಗೆ ಹೋದರೆ ಕೀ ಸಿಗುತ್ತದೆ. ಕೀ ಸಿಕ್ಕ ಮೇಲೆ ಮಾತ್ರ 'ಹಿತ್ತಿಲ ಬಾಗಿಲು' ಅನ್ನೋ ಆಯ್ಕೆ ಕಾಣಿಸುತ್ತದೆ. ಅಲ್ಲಿಂದ ಕೊನೆಯ ಭಾಗ, ಎರಡು ಮುಕ್ತಾಯ.

ನಡುಮನೆ ದೃಶ್ಯ 1 ನಿಮಿಷ 40 ಸೆಕೆಂಡು ಇದೆ. ಹಿಂದಕ್ಕೆ ಬಂದಾಗಲೆಲ್ಲ ಅದೇ ಪೂರ್ತಿ ಓಡುತ್ತದೆ. ಜನ ಬಿಡೋದೂ ಅಲ್ಲೇ. ದೃಶ್ಯ ಉದ್ದ ಆಗಿದ್ದೇ ಕಾರಣ ಅಂತ ನನಗೆ ಅನಿಸುತ್ತದೆ. ಕತ್ತರಿಸಿದರೆ ಸಾಕಾ? ಅಥವಾ ಹಿಂದಕ್ಕೆ ಬರುವುದನ್ನೇ ಕಿತ್ತು ಹಾಕಬೇಕಾ?

ರವಿಕಿರಣ

ಕಿತ್ತು ಹಾಕಿ. ಒಮ್ಮೆ ಆರಿಸಿದ ಮೇಲೆ ಮತ್ತೆ ಅಲ್ಲೇ ತಂದು ನಿಲ್ಲಿಸಿದರೆ ಆರಿಸಿದ್ದಕ್ಕೆ ಏನು ಬೆಲೆ? ಪ್ರತಿ ಆಯ್ಕೆಯೂ ಬೇರೆ ಬೇರೆ ದಾರಿಗೆ ಹೋಗಬೇಕು, ಮತ್ತೆ ಕೂಡಲೇಬಾರದು. ನೋಡುಗನಿಗೆ ಕೊಡುವ ಮರ್ಯಾದೆ ಅದು.

ಎಡಿಟಿಂಗ್_ಟೇಬಲ್

ರವಿಕಿರಣ್ ಅವರೇ, ಲೆಕ್ಕ ಹಾಕಿ ನೋಡಿ. ಐದು ಸಲ ಎರಡೆರಡು ಆಯ್ಕೆ ಕೊಟ್ಟು ದಾರಿಗಳು ಎಲ್ಲೂ ಕೂಡದ ಹಾಗೆ ಮಾಡಿದರೆ 1, 2, 4, 8, 16, 32 ಅಂತ ಬೆಳೆಯುತ್ತದೆ. ಒಟ್ಟು 63 ತುಣುಕು. ಒಂದೊಂದು ಒಂದು ನಿಮಿಷ ಅಂದ್ಕೊಳ್ಳಿ. 63 ನಿಮಿಷ ಶೂಟ್ ಮಾಡಿದರೆ ನೋಡುಗ ನೋಡೋದು ಬರೀ 6 ನಿಮಿಷ.

ಅದೇ ಐದು ಆಯ್ಕೆಗಳಿಗೆ ಪ್ರತಿ ಸಲ ಅರ್ಧ ಅರ್ಧ ನಿಮಿಷದ ಎರಡು ಪ್ರತಿಕ್ರಿಯೆ ಇಟ್ಟು, ಆಮೇಲೆ ಎಲ್ಲರಿಗೂ ಒಂದೇ ದೃಶ್ಯಕ್ಕೆ ಕೂಡಿಸಿದರೆ ಶೂಟ್ ಆಗೋದು 11 ನಿಮಿಷ, ನೋಡೋದು ಎಂಟೂವರೆ ನಿಮಿಷ. ಮೂರು ಜನರ ತಂಡಕ್ಕೆ ಯಾವುದು ಆಗುತ್ತದೆ ಅಂತ ನೀವೇ ಹೇಳಿ.

ಸುಮಾ ಅವರಿಗೆ ಒಂದು ಪ್ರಶ್ನೆ. ಬಿಟ್ಟು ಹೋದವರು ನಡುಮನೆಗೆ ಬರುವ ಮುಂಚೆ ಏನು ಆರಿಸಿದ್ದರು? ಆ ಕ್ರಮ ಗೊತ್ತಾದರೆ ಹೇಳಿ. ದೃಶ್ಯ ಉದ್ದ ಅನ್ನೋದು ಒಂದು ಕಾರಣ ಇರಬಹುದು. ನನಗೆ ಬೇರೆ ಏನೋ ಕಾಣ್ತಿದೆ.

ರವಿಕಿರಣ

ಲೆಕ್ಕ ಒಪ್ಪುತ್ತೇನೆ. ಆದರೂ ಕೂಡಿಸೋದು ಮೋಸವೇ.

ಪದ್ಮಿನಿ ಟೀಚರ್

ಇದು ಹೊಸ ಜಗಳ ಅಲ್ಲ ರವಿಕಿರಣ್. 1967ರಲ್ಲಿ ಮಾಂಟ್ರಿಯಲ್‌ನ ಎಕ್ಸ್‌ಪೋದಲ್ಲಿ ಜೆಕೊಸ್ಲೊವಾಕಿಯಾದವರು ಕಿನೊಆಟೋಮ್ಯಾಟ್ ಅಂತ ತೋರಿಸಿದರು. ರಾದುಜ್ ಚಿಂಚೆರಾ ಅನ್ನುವವರು ಮಾಡಿದ್ದು. ಪ್ರತಿ ಸೀಟಿಗೂ ಒಂದು ಕೆಂಪು, ಒಂದು ಹಸಿರು ಬಟನ್. ಸಿನಿಮಾ ನಡುವೆ ನಿಲ್ಲುತ್ತಿತ್ತು, ವೇದಿಕೆ ಮೇಲೊಬ್ಬರು ಬಂದು ಮುಂದೇನು ಅಂತ ಜನರನ್ನು ಕೇಳುತ್ತಿದ್ದರು. ಜಾಸ್ತಿ ವೋಟು ಬಿದ್ದದ್ದು ಓಡುತ್ತಿತ್ತು. ಆದರೆ ಯಾವುದನ್ನೇ ಆರಿಸಿದರೂ ಮುಂದಿನ ನಿಲುಗಡೆಯಲ್ಲಿ ಎರಡೂ ದಾರಿ ಒಂದೇ ಕಡೆ ಬಂದು ಸೇರುತ್ತಿದ್ದವು. ಕೊನೆಯೂ ಒಂದೇ. ಆ ಕಾಲದ ಪ್ರೊಜೆಕ್ಟರ್ ಇಟ್ಟುಕೊಂಡು ಬೇರೆ ದಾರಿಯೂ ಇರಲಿಲ್ಲ. ಎರಡು ಪ್ರೊಜೆಕ್ಟರ್ ಜೊತೆಗೇ ಓಡಿಸಿ, ಬೇಡವಾದದ್ದನ್ನು ಮುಚ್ಚುತ್ತಿದ್ದರು.

ಏನೇ ಮಾಡಿದರೂ ಮನುಷ್ಯ ಅದೇ ಗುಂಡಿಗೆ ಬೀಳುತ್ತಾನೆ ಅನ್ನೋದೇ ಆ ಕಥೆಯ ಅರ್ಥ ಆಗಿತ್ತು. ಅಂದ್ರೆ ಕೂಡಿಸಿದ್ದಕ್ಕೂ ಅರ್ಥ ಕೊಡಬಹುದು. ಮೋಸ ಅನ್ನೋದು ಸ್ವಲ್ಪ ದುಡುಕು.

ಕೋಡ್ ಮಂಜು

ಸುಲಭ ಇದೆ ಮೇಡಂ. ಫ್ಲೋಚಾರ್ಟ್ ಬರೀರಿ. ಪ್ರತಿ ಡಬ್ಬಿಯಿಂದ ಬಾಣ ಹಿಡ್ಕೊಂಡು ಹೋದರೆ ಕೊನೆಗೆ ತಲುಪುತ್ತಾ ಅಂತ ನೋಡಿ. ತಲುಪಿದರೆ ಚಾರ್ಟ್ ಸರಿ ಇದೆ, ಸಮಸ್ಯೆ ಬರೀ ಬೋರಿಂಗ್. ಆ 1:40 ಕತ್ತರಿಸಿ 20 ಸೆಕೆಂಡು ಮಾಡಿ. ಮುಗೀತು.

ಸುಮಾ_ಕಥೆ

ಮಂಜು ಅವರೇ, ಚಾರ್ಟ್ ಇದೆ, ಗೋಡೆ ಮೇಲೇ ಅಂಟಿಸಿದ್ದೇವೆ. ಎಲ್ಲ ಡಬ್ಬಿಯಿಂದಲೂ ಬಾಣ ಕೊನೆಗೆ ತಲುಪುತ್ತದೆ. ನಡುಮನೆಯಿಂದ ಕೋಣೆ, ಕೋಣೆಯಿಂದ ನಡುಮನೆ, ಅಲ್ಲಿಂದ ಹಿತ್ತಿಲು.

ಎಡಿಟಿಂಗ್_ಟೇಬಲ್ ಸರ್, ಕೇಳಿ ನೋಡಿದೆ. ಬಿಟ್ಟವರಲ್ಲಿ ಬಹುತೇಕ ಎಲ್ಲರೂ ಮೊದಲು ಮಹಡಿಗೆ ಹೋದವರು. ಕೆಲವರು ಏನೂ ಒತ್ತಿಲ್ಲವಂತೆ, ಸುಮ್ನೆ ನೋಡ್ತಾ ಕೂತಿದ್ದರು. 10 ಸೆಕೆಂಡು ಮುಗಿದರೆ ತಾನಾಗಿ ಮಹಡಿಗೆ ಹೋಗುವ ಹಾಗೆ ಇಟ್ಟಿದ್ದೇವೆ.

ಎಡಿಟಿಂಗ್_ಟೇಬಲ್

ಹಾಗಾದ್ರೆ ಅವರಿಗೆ ಬೋರ್ ಆಗಿಲ್ಲ, ಅವರು ಸಿಕ್ಕಿಹಾಕಿಕೊಂಡಿದ್ದಾರೆ.

ನೋಡಿ. ಮೊದಲು ಮಹಡಿ ಹತ್ತಿದರೆ ಫೋನ್ ಒಡೆಯಿತು. ಫೋನ್ ಇಲ್ಲ ಅಂದ್ಮೇಲೆ ಅಣ್ಣನಿಗೆ ಕರೆ ಇಲ್ಲ. ಕರೆ ಇಲ್ಲದೆ ಕೀ ಎಲ್ಲಿದೆ ಅಂತ ಗೊತ್ತಿಲ್ಲ, ಕೋಣೆಗೆ ಹೋದರೂ ಬರಿಗೈಲಿ ವಾಪಸ್. ಕೀ ಇಲ್ಲದೆ ಹಿತ್ತಿಲ ಬಾಗಿಲು ಆಯ್ಕೆಯೇ ಕಾಣಲ್ಲ. ಉಳಿದದ್ದು ಮಹಡಿ ಮತ್ತು ಕೋಣೆ, ಎರಡೂ ವಾಪಸ್ ನಡುಮನೆಗೇ. ಅವರು ಎಷ್ಟು ಹೊತ್ತು ಆಡಿದರೂ ಕಥೆ ಮುಗಿಯುವುದೇ ಇಲ್ಲ.

ಮಂಜು ಹೇಳಿದ ಪರೀಕ್ಷೆ ಅರ್ಧ ಸರಿ. ಬಾಣ ಕೊನೆಗೆ ತಲುಪದ ಡಬ್ಬಿ ಇದ್ದರೆ ಖಂಡಿತ ತಪ್ಪು. ಆದರೆ ತಲುಪಿದ ಮಾತ್ರಕ್ಕೆ ಸರಿ ಅಂತ ಹೇಳೋಕಾಗಲ್ಲ. ನಿಮ್ಮ ಚಾರ್ಟಿನಲ್ಲಿ ನಡುಮನೆ ಒಂದೇ ಡಬ್ಬಿ. ನೋಡುಗನಿಗೆ ಅದು ಒಂದೇ ಅಲ್ಲ. ಫೋನ್ ಇರುವ ನಡುಮನೆ ಬೇರೆ, ಒಡೆದ ನಡುಮನೆ ಬೇರೆ. ನೆನಪಿಟ್ಟುಕೊಳ್ಳುವ ಸಂಗತಿ ಇರುವ ಕಥೆಯಲ್ಲಿ ಹಿಂದಕ್ಕೆ ಬರುವ ಜಾಗವನ್ನು ಬಿಡಿಸಿ ಬರೆಯಬೇಕು.

ನಿಮ್ಮಲ್ಲಿ ನೆನಪಿಡಬೇಕಾದದ್ದು ಮೂರು: ಫೋನ್ ಸರಿ ಇದೆಯಾ, ಕರೆ ಆಯ್ತಾ, ಕೀ ಸಿಕ್ತಾ. ಮೂರಕ್ಕೂ ಹೌದು ಅಥವಾ ಇಲ್ಲ ಅಂದರೆ ಎಂಟು ಬಗೆ. ಆದರೆ ಕರೆ ಆಗದೆ ಕೀ ಸಿಗಲ್ಲ, ಅದರಿಂದ ಎರಡು ಬಿಟ್ಟು ಹೋಗುತ್ತವೆ. ಉಳಿದದ್ದು ಆರು ನಡುಮನೆ. ಒಂದು ಹಾಳೆಯಲ್ಲಿ ಬರೆದೆ:

```
1. phone ok,     no call, no key  -> 2, 4
2. phone ok,     call,    no key  -> 3, 5
3. phone ok,     call,    key     -> 6, hittilu
4. phone broken, no call, no key  -> (none)
5. phone broken, call,    no key  -> 6
6. phone broken, call,    key     -> hittilu
```

ಆರರಲ್ಲಿ ಐದು ಸಾಲುಗಳಿಂದ ಹೊರಗೆ ಹೋಗಬಹುದು. ನಾಲ್ಕನೆಯದಕ್ಕೆ ಹೋದವರು ಅಲ್ಲೇ. ಏನೂ ಒತ್ತದೆ ಕೂತವರನ್ನೂ ನಿಮ್ಮ ಟೈಮರ್ ಅಲ್ಲಿಗೇ ಕಳಿಸುತ್ತಿದೆ. ಸುಮ್ಮನೆ ಕೂತವರು ಮಾಡುವ ಆಯ್ಕೆ ಯಾವತ್ತೂ ಕಥೆಯನ್ನು ಮುಂದಕ್ಕೆ ತಳ್ಳುವಂಥದ್ದೇ ಆಗಿರಬೇಕು, ಸುತ್ತು ಹಾಕಿಸುವಂಥದ್ದು ಆಗಬಾರದು. ಇಲ್ಲಿ ಅದು ಕರೆ.

ಕೋಡ್ ಮಂಜು

ಓಹ್, ನಾಲ್ಕನೆಯದು ನಿಜ. ಆರೇ ಸಾಲು ಇದ್ದರೆ ಹಾಳೆ ಸಾಕು. ನೆನಪಿಡೋದು ಎಂಟು ಹತ್ತು ಆದರೆ ಕೈಯಲ್ಲಿ ಆಗಲ್ಲ. ಆಗ ಕಣ್ಣುಮುಚ್ಚಿ ಯಾವುದೋ ಒಂದನ್ನು ಒತ್ತುತ್ತಾ ಹೋಗುವ ಚಿಕ್ಕ ಸ್ಕ್ರಿಪ್ಟ್ ಬರೆದು ಸಾವಿರ ಸಲ ಓಡಿಸಿ. 200 ಆಯ್ಕೆ ಆದರೂ ಮುಗಿಯದ ಆಟ ಸಿಕ್ಕರೆ ಆ ದಾರಿಯನ್ನು ಅಚ್ಚು ಹಾಕಿಸಿ.

ಎಡಿಟಿಂಗ್_ಟೇಬಲ್

ಒಳ್ಳೆ ಉಪಾಯ. ಅಪರೂಪದ ದಾರಿ ಅದಕ್ಕೆ ತಪ್ಪಿ ಹೋಗಬಹುದು, ಅದೊಂದು ಗಮನದಲ್ಲಿರಲಿ.

ನಂದೀಶ

ನಾನೂ ಇಂಥದ್ದು ಮಾಡಬೇಕು ಅಂತಿದ್ದೇನೆ. ಯೂಟ್ಯೂಬಲ್ಲಿ ವಿಡಿಯೊ ಮೇಲೆ ಬಟನ್ ಇಟ್ಟು ಇನ್ನೊಂದು ವಿಡಿಯೊಗೆ ಕಳಿಸೋ ಸೌಲಭ್ಯ ಇದೆ ಅಲ್ವಾ? ಅದರಲ್ಲೇ ಮಾಡಬಹುದಲ್ಲ, ಕೋಡ್ ಎಲ್ಲ ಯಾಕೆ?

ಕೋಡ್ ಮಂಜು

ಅದು ಹೋಗಿ ಬಹಳ ಕಾಲ ಆಯ್ತು. ಆ ಟಿಪ್ಪಣಿ ಬಟನ್‌ಗಳನ್ನು 2019ರ ಜನವರಿಯಲ್ಲಿ ಪೂರ್ತಿ ತೆಗೆದರು. ಅವನ್ನೇ ನಂಬಿ ಮಾಡಿದ್ದ ಕವಲು ಕಥೆಗಳೆಲ್ಲ ಆವತ್ತೇ ಕೆಟ್ಟು ಹೋದವು. ಈಗ ಇರೋದು ಎಂಡ್ ಸ್ಕ್ರೀನ್. ವಿಡಿಯೊದ ಕೊನೆಯ 5ರಿಂದ 20 ಸೆಕೆಂಡಿನಲ್ಲಿ ಮಾತ್ರ, ಹೆಚ್ಚೆಂದರೆ ನಾಲ್ಕು ಚೌಕ. ಕವಲು ಮಾಡೋಕೆ ಸಾಕು, ಆದರೆ ಅದಕ್ಕೆ ನೆನಪಿಲ್ಲ. ಫೋನ್ ಒಡೆದಿದೆಯಾ ಅಂತ ಅದಕ್ಕೆ ಗೊತ್ತಾಗಲ್ಲ.

ಎಡಿಟಿಂಗ್_ಟೇಬಲ್

ನೆನಪಿಲ್ಲದಿದ್ದರೂ ಮಾಡಬಹುದು ನಂದೀಶ್. ಮೇಲೆ ಬರೆದ ಆರು ಸಾಲನ್ನೇ ಆರು ಬೇರೆ ವಿಡಿಯೊ ಮಾಡಿ ಹಾಕಿದರೆ ವಿಡಿಯೊವೇ ನೆನಪು ಆಗುತ್ತದೆ. ಆರಕ್ಕೆ ಆದೀತು, ಅರವತ್ತಕ್ಕೆ ಕಷ್ಟ.

ಶೈಲಜಾ ಎಚ್.

ನಾನು ಕೆಲಸ ಮಾಡುತ್ತಿದ್ದ ಕಡೆ ಹೊಸಬರಿಗೆ ತರಬೇತಿ ಕೊಡೋಕೆ ಇಂಥ ವಿಡಿಯೊ ಮಾಡಿಸಿದ್ದರು. ಸಿಟ್ಟಾದ ಗ್ರಾಹಕರ ಜೊತೆ ಹೇಗೆ ಮಾತಾಡಬೇಕು ಅಂತ. ತಪ್ಪು ಉತ್ತರ ಆರಿಸಿದರೆ ಮತ್ತೆ ಮೊದಲಿನಿಂದ. ಗ್ರಾಹಕ ಮತ್ತೆ ಬಾಗಿಲು ತಳ್ಳಿ ಬರ್ತಾನೆ, ಮತ್ತೆ ಅದೇ ಕೂಗು. ಮೂರನೇ ಸಲಕ್ಕೆ ಯಾರೂ ಏನೂ ಕೇಳಿಸಿಕೊಳ್ತಿರಲಿಲ್ಲ. ಮೊದಲು ಒಂದನೆಯದು, ಆಮೇಲೆ ಎರಡನೆಯದು ಅಂತ ಸುಮ್ನೆ ಒತ್ತಿಕೊಂಡು ಹೋಗ್ತಿದ್ದರು. ಎಲ್ಲರೂ ಪಾಸು, ಕಲಿತದ್ದು ಏನೂ ಇಲ್ಲ.

ಅದಕ್ಕೇ ಹೇಳ್ತೀನಿ, ಸಿಕ್ಕಿಹಾಕಿಕೊಳ್ಳದ ಹಾಗೆ ಸರಿ ಮಾಡಿದರೂ ಆ 1:40 ಹಾಗೇ ಬಿಡಬೇಡಿ ಸುಮಾ.

ಸುಮಾ_ಕಥೆ

ನಾಲ್ಕನೇ ಸಾಲು ನೋಡಿ ಒಂದು ಕ್ಷಣ ಸುಮ್ಮನೆ ಕೂತೆ. ಥ್ಯಾಂಕ್ಸ್ ಸರ್. ಟೈಮರ್ ಈಗಲೇ ಕರೆಗೆ ಬದಲಾಯಿಸಿದೆವು. ಆದರೆ ಬೇಕಂತಲೇ ಮೊದಲು ಮಹಡಿ ಒತ್ತುವವರು ಇದ್ದೇ ಇರುತ್ತಾರಲ್ಲ. ಮನೆ ಇನ್ನು ಶೂಟಿಂಗಿಗೆ ಸಿಗುವುದಿಲ್ಲ. ನಾಯಕಿ, ಅಣ್ಣ ಇಬ್ಬರೂ ಸಿಗುತ್ತಾರೆ. ಏನು ಮಾಡಬಹುದು?

ಇನ್ನೊಂದು. ನಡುಮನೆ ದೃಶ್ಯದಲ್ಲಿ ಅವಳ ಕೈಯಲ್ಲಿ ಫೋನ್ ಕಾಣುತ್ತದೆ. ಒಡೆದ ಮೇಲೂ ಅದೇ ದೃಶ್ಯ ಓಡುವುದರಿಂದ ಫೋನ್ ಮತ್ತೆ ಹೊಸದಾಗಿರುತ್ತದೆ. ಒಬ್ಬರು ಅದನ್ನೂ ಹೇಳಿದರು.

ರವಿಕಿರಣ

ಫೋನ್ ಒಡೆಯುವುದನ್ನೇ ತೆಗೆದುಬಿಡಿ.

ಶೈಲಜಾ ಎಚ್.

ಹಾಗೆ ಮಾಡಿದರೆ ಮಹಡಿಗೆ ಹೋದದ್ದಕ್ಕೆ ಏನೂ ಆಗಲೇ ಇಲ್ಲ ಅಂತಾಗುತ್ತದೆ. ನೀವೇ ಅಲ್ವಾ ಆಯ್ಕೆಗೆ ಬೆಲೆ ಬೇಕು ಅಂದದ್ದು?

ಎಡಿಟಿಂಗ್_ಟೇಬಲ್

ಶೈಲಜಾ ಮೇಡಂ ಹೇಳಿದ್ದು ಸರಿ. ನಷ್ಟ ಇರಲಿ, ದಾರಿ ಮುಚ್ಚುವುದು ಬೇಡ. ಅವಳು ಕರೆ ಮಾಡೋಕಾಗದಿದ್ದರೆ ಅಣ್ಣನೇ ಬರಲಿ. ಎಷ್ಟು ಹೊತ್ತಾದರೂ ಫೋನ್ ತೆಗೆಯಲಿಲ್ಲ ಅಂತ ಗಾಬರಿಯಾಗಿ ಬಂದಿದ್ದಾನೆ. ಅವನ ದನಿ ಬಾಗಿಲ ಆಚೆಯಿಂದ ಕೇಳಿಸಿದರೆ ಸಾಕು. ಬಾಗಿಲು ತಟ್ಟುವ ಸದ್ದು, 'ಕೀ ಗಡಿಯಾರದ ಹಿಂದೆ ಇದೆ' ಅಂತ ಒಂದು ಮಾತು, ಆ ಕಡೆ ತಿರುಗುವ ಅವಳ ಮುಖದ ಕ್ಲೋಸಪ್. ಕ್ಲೋಸಪ್ಪನ್ನು ಯಾವುದೇ ಮಂಕು ಬಣ್ಣದ ಗೋಡೆ ಮುಂದೆ ತೆಗೆಯಬಹುದು, ಆ ಮನೆಯೇ ಬೇಕಿಲ್ಲ. ಬೆಳಕು ಬರುವ ದಿಕ್ಕು, ಬಟ್ಟೆ, ಕೂದಲು ಹಳೆಯ ದೃಶ್ಯದ ಹಾಗೇ ಇರಬೇಕು ಅಷ್ಟೆ. ಕೊನೆಯ ಭಾಗದಲ್ಲಿ ಅಣ್ಣ ಈಗಾಗಲೇ ಬಂದಿದ್ದಾನೆ ಅನ್ನೋದು ಎರಡು ಮುಕ್ತಾಯಗಳಿಗೂ ಹೊಂದುತ್ತದಾ ಅಂತ ನೋಡಿಕೊಳ್ಳಿ. ಹೊಂದದಿದ್ದರೆ ಅವನು ಹೊರಗಿಂದಲೇ ಹೋಗಿಬಿಡಬೇಕು.

ಇನ್ನು ನಡುಮನೆ. ಆ 1:40ರಲ್ಲಿ ಎರಡು ಕೆಲಸ ಸೇರಿಕೊಂಡಿವೆ. ಮೊದಲ ಬಾರಿ ಒಳಗೆ ಬಂದು ಸುತ್ತ ನೋಡುವುದು ಒಂದು. ನಿಂತು ಎಲ್ಲಿಗೆ ಹೋಗಲಿ ಅಂತ ಯೋಚಿಸುವುದು ಇನ್ನೊಂದು. ಎರಡನ್ನೂ ಬೇರೆ ಮಾಡಿ. ವಾಪಸ್ ಬಂದಾಗ ಮೊದಲನೆಯದು ಓಡಲೇಬಾರದು. ಎಲ್ಲಿಂದ ಬಂದಳೋ ಅಲ್ಲಿಗೆ ಹೊಂದುವ 4–5 ಸೆಕೆಂಡಿನ ಶಾಟ್ ಹಾಕಿ, ನೇರ ಯೋಚಿಸುವ ಭಾಗಕ್ಕೆ ಹೋಗಿ. ಮಹಡಿಯಿಂದ ಬಂದರೆ ಮೆಟ್ಟಿಲ ಮೇಲೆ ಇಳಿಯುವ ಕಾಲು, ಕೋಣೆಯಿಂದ ಬಂದರೆ ಬಾಗಿಲು ಎಳೆದುಕೊಳ್ಳುವ ಕೈ. ಶೂಟ್ ಮಾಡಿದ ಉಳಿಕೆಯಲ್ಲಿ ಇಂಥವು ಸಿಕ್ಕೇ ಸಿಗುತ್ತವೆ.

ಫೋನ್ ವಿಷಯಕ್ಕೆ: ಯೋಚಿಸುವ ಭಾಗವನ್ನು ಎದೆಯಿಂದ ಮೇಲೆ ಮಾತ್ರ ಕಾಣುವ ಹಾಗೆ ಹಿಗ್ಗಿಸಿ ಕ್ರಾಪ್ ಮಾಡಿ. 4ಕೆಯಲ್ಲಿ ತೆಗೆದು 1080ರಲ್ಲಿ ಕೊಡುತ್ತಿದ್ದರೆ ಅರ್ಧಕ್ಕೆ ಕ್ರಾಪ್ ಮಾಡಿದರೂ ಮಸುಕಾಗಲ್ಲ. ಕೈ ಕಾಣದಿದ್ದರೆ ಫೋನ್ ಒಡೆದಿದೆಯೋ ಇಲ್ಲವೋ, ಕೀ ಇದೆಯೋ ಇಲ್ಲವೋ, ಆರು ನಡುಮನೆಗೂ ಅದೊಂದೇ ಶಾಟ್ ಸಾಕು. ಎಲ್ಲರೂ ಬಂದು ಕೂಡುವ ದೃಶ್ಯದಲ್ಲಿ ಬದಲಾಗುವ ವಸ್ತು ಫ್ರೇಮಿನಲ್ಲಿ ಇರಬಾರದು. ಅದನ್ನು ತೋರಿಸಲೇಬೇಕು ಅಂದರೆ ವಾಪಸ್ ಬರುವ ಆ ಚಿಕ್ಕ ಶಾಟಿನಲ್ಲಿ ತೋರಿಸಿ.

ಸುಮಾ_ಕಥೆ

4ಕೆಯಲ್ಲೇ ತೆಗೆದಿದ್ದೇವೆ! ಮೆಟ್ಟಿಲಿಳಿಯುವ ಕಾಲಿನ ಶಾಟ್ ಕೂಡ ಇದೆ, ಮೊದಲ ಕಟ್‌ನಲ್ಲಿ ತೆಗೆದು ಹಾಕಿದ್ದೆವು.

ಪದ್ಮಿನಿ ಟೀಚರ್

ಒಂದು ಸೇರಿಸುತ್ತೇನೆ. 2018ರ ಡಿಸೆಂಬರಿನಲ್ಲಿ ನೆಟ್‌ಫ್ಲಿಕ್ಸಲ್ಲಿ ಬಂದ ಬ್ಯಾಂಡರ್‌ಸ್ನ್ಯಾಚ್‌ನಲ್ಲಿ ಹಿಂದಕ್ಕೆ ಬರುವುದನ್ನೇ ಕಥೆ ಮಾಡಿದ್ದರು. ಆಟ ಬರೆಯುವ ಹುಡುಗ ಕಂಪನಿಯ ಆಫರ್ ಒಪ್ಪಿಕೊಂಡರೆ ಆಟ ಕೆಟ್ಟದಾಗಿ ಬರುತ್ತದೆ, ಕಥೆ ಹಿಂದಕ್ಕೆ ಹೋಗುತ್ತದೆ. ಎರಡನೇ ಸಲ ಅದೇ ಕಚೇರಿ, ಅದೇ ಜನ, ಆದರೆ ಒಬ್ಬ 'ನಾವು ಮೊದಲೇ ಭೇಟಿ ಆಗಿದ್ದೇವಲ್ಲ' ಅನ್ನೋ ಅರ್ಥದ ಮಾತಾಡುತ್ತಾನೆ. ಹಳೆಯ ದೃಶ್ಯ ಬೇಗ ಬೇಗ ಓಡಿ ಬದಲಾದ ಮಾತಿಗೆ ಬಂದು ನಿಲ್ಲುತ್ತದೆ. ಆ ಒಂದು ಮಾತಿಗೆ ನೋಡುಗ ಬೆನ್ನು ನೆಟ್ಟಗೆ ಮಾಡಿ ಕೂರುತ್ತಾನೆ.

ನಿಮ್ಮ ನಾಯಕಿಯೂ ಎರಡನೇ ಸಲ ಬಂದಾಗ ಒಂದು ಮಾತು ಬೇರೆ ಆಡಲಿ. ದನಿ ಮಾತ್ರ ಇದ್ದರೂ ಆಗುತ್ತದೆ.

ರವಿಕಿರಣ

ಅದರಲ್ಲಿ ಹಿಂದಕ್ಕೆ ಬರುವುದಕ್ಕೆ ಕಥೆಯಲ್ಲೇ ಕಾರಣ ಇತ್ತು. ಇಲ್ಲಿ ಕಾರಣ ಶೂಟಿಂಗ್ ಖರ್ಚು. ಎರಡೂ ಒಂದೇ ಅಲ್ಲ.

ಪದ್ಮಿನಿ ಟೀಚರ್

ಇಲ್ಲಿಯೂ ಕಾರಣ ಇದೆ ಕಣಪ್ಪಾ. ಮನೆಯಲ್ಲಿ ಹುಡುಕುವವರು ನಡುಮನೆಗೆ ವಾಪಸ್ ಬರಲೇಬೇಕು. ಕಾಲ ಹಿಂದಕ್ಕೆ ಹೋಗ್ತಿಲ್ಲ, ಅವಳು ನಡೆದು ಬರ್ತಿದ್ದಾಳೆ. ಅದಕ್ಕೇ ಅವಳಿಗೆ ನೆನಪು ಇರಬೇಕು.

ಮಲ್ಲಿ_77

ನಾನು ಕಾದಂಬರಿ ಬರೀತೀನಿ. ಎರಡು ಮುಕ್ತಾಯ ಇರೋ ಕಥೆಯಲ್ಲಿ ಯಾವುದನ್ನು ಪುಸ್ತಕದಲ್ಲಿ ಹಾಕಬೇಕು ಅಂತ ಗೊತ್ತಾಗ್ತಿಲ್ಲ, ಯಾರಾದ್ರೂ ಹೇಳಿ.

ಶೈಲಜಾ ಎಚ್.

ಮಲ್ಲಿ, ಇಲ್ಲಿ ಮಾತಾಡ್ತಿರೋದು ನೋಡುಗರೇ ಆರಿಸುವ ವಿಡಿಯೊ ಬಗ್ಗೆ. ನಿಮ್ಮ ಪ್ರಶ್ನೆ ಬೇರೆಯಾಗಿ ಹಾಕಿ, ಉತ್ತರ ಜಾಸ್ತಿ ಬರುತ್ತದೆ.

ಕೋಡ್ ಮಂಜು

ಸುಮಾ ಮೇಡಂ, ಇನ್ನೊಂದು ಕಡೆ ಜನ ಬಿಡಬಹುದು. ಒತ್ತಿದ ತಕ್ಷಣ ಮುಂದಿನ ತುಣುಕು ಬರುತ್ತದಾ, ಇಲ್ಲ ಕಪ್ಪು ಪರದೆ ಬಂದು ಚಕ್ರ ತಿರುಗುತ್ತದಾ? ಆ 10 ಸೆಕೆಂಡಿನಲ್ಲೇ ಕಾಣಿಸುತ್ತಿರುವ ಆಯ್ಕೆಗಳ ಎಲ್ಲ ತುಣುಕಿನ ಮೊದಲ ಭಾಗವನ್ನು ತಂದಿಟ್ಟುಕೊಳ್ಳಬೇಕು. ಓಡುತ್ತಿರುವುದಕ್ಕೆ ಒಂದು, ಪ್ರತಿ ಆಯ್ಕೆಗೂ ಒಂದೊಂದು ವಿಡಿಯೊ ಡಬ್ಬಿ ಇಟ್ಟು, ಒಂದು ಓಡುವಾಗ ಉಳಿದವನ್ನು ಅಡಗಿಸಿ ತುಂಬಿಸಿ, ಒತ್ತಿದಾಗ ಅದಲು ಬದಲು ಮಾಡಿ. ಐಫೋನಿಗೆ ಈ ಒಂದು ಪದ ಮರೆಯಬೇಡಿ:

```
<video playsinline preload="auto" src="mahadi.mp4"></video>
```

`playsinline` ಇಲ್ಲದಿದ್ದರೆ ಐಫೋನಲ್ಲಿ ವಿಡಿಯೊ ತಾನಾಗಿ ಪೂರ್ತಿ ಪರದೆಗೆ ಹೋಗುತ್ತದೆ. ಆಗ ನಿಮ್ಮ ಬಟನ್‌ಗಳು ಅದರ ಹಿಂದೆ ಉಳಿದುಬಿಡುತ್ತವೆ. ಏನೂ ಒತ್ತದೆ ಕೂತಿದ್ದವರ ಕೈಯಲ್ಲಿ ಯಾವ ಫೋನ್ ಇತ್ತು ಅಂತ ಕೇಳಿ ನೋಡಿ. ಅವರಿಗೆ ಬಟನ್ ಕಂಡೇ ಇಲ್ಲದಿರಬಹುದು.

ಸುಮಾ_ಕಥೆ

ಕೇಳಿದೆ. ಅವರಲ್ಲಿ ಇಬ್ಬರದು ಐಫೋನ್. 'ಆರಿಸೋದು ಅಂತ ಇತ್ತಾ?' ಅಂದರು. ಇನ್ನೊಬ್ಬರದು ಆಂಡ್ರಾಯ್ಡ್, ಅವರಿಗೆ ಬಟನ್ ಕಂಡಿತ್ತು, ಆದರೆ ಸುಮ್ನೆ ನೋಡೋದೇ ಇಷ್ಟವಂತೆ.

ಕೋಡ್ ಮಂಜು

ಹಾಗಾದ್ರೆ ಎರಡೂ ಸೇರಿಕೊಂಡಿತ್ತು. ಬಟನ್ ಕಾಣಲ್ಲ, ಟೈಮರ್ ಮಹಡಿಗೆ ಕಳಿಸುತ್ತದೆ, ಅಲ್ಲಿಂದ ಸುತ್ತು.

ಎಡಿಟಿಂಗ್_ಟೇಬಲ್

ಕಾಯುವ 10 ಸೆಕೆಂಡಿನ ಸದ್ದನ್ನೂ ನೋಡಿಕೊಳ್ಳಿ. ಬೇಗ ಒತ್ತಿದರೆ ಸಂಗೀತ ಅರ್ಧಕ್ಕೆ ಕತ್ತರಿಸಿದ ಹಾಗೆ ಆಗುತ್ತದೆ. ಆ ಜಾಗದಲ್ಲಿ ಸಂಗೀತ ಬೇಡ, ಖಾಲಿ ಕೋಣೆಯ ಸದ್ದು ಮಾತ್ರ ಇರಲಿ. ಮುಂದಿನ ಎಲ್ಲ ತುಣುಕಿನ ಮೊದಲ ಒಂದು ಸೆಕೆಂಡಿಗೂ ಅದೇ ಸದ್ದು ಹಾಕಿ. ಎಲ್ಲಿ ಕತ್ತರಿಸಿದರೂ ಬೆಸುಗೆ ಕೇಳಿಸಲ್ಲ.

ಸುಮಾ_ಕಥೆ

ಸರಿ ಸರ್. ಹೊಸ ಕಟ್‌ಗೆ ಒಂದು ಪ್ರಶ್ನೆ ಉಳಿದಿದೆ. ಫೋನ್ ಒಡೆದ ಮೇಲೆ 'ಅಣ್ಣನಿಗೆ ಫೋನ್ ಮಾಡು' ಅನ್ನೋ ಆಯ್ಕೆಯನ್ನು ಪೂರ್ತಿ ಮರೆಮಾಡೋದಾ, ಇಲ್ಲ ಬೂದು ಬಣ್ಣದಲ್ಲಿ ತೋರಿಸೋದಾ?

ಶೈಲಜಾ ಎಚ್.

ಬೂದು ಬಣ್ಣ. ಏನು ಕಳಕೊಂಡೆ ಅಂತ ಗೊತ್ತಾಗಬೇಕು.

ಎಡಿಟಿಂಗ್_ಟೇಬಲ್

ನಾನು ಮರೆಮಾಡು ಅಂತೀನಿ. ಒತ್ತಲಾಗದ ಬಟನ್ ಪರದೆ ಮೇಲಿದ್ದರೆ ಕಣ್ಣು ಕಥೆ ಬಿಟ್ಟು ಅದರ ಮೇಲೇ ಹೋಗುತ್ತದೆ. ಫೋನಿನ ಚಿಕ್ಕ ಪರದೆಯಲ್ಲಿ ಜಾಗವೂ ವ್ಯರ್ಥ.

ರವಿಕಿರಣ

ಇದರಲ್ಲಿ ಶೈಲಜಾ ಅವರ ಕಡೆ ನಾನು. ಬೂದು ಬಣ್ಣದಲ್ಲೂ ಒತ್ತೋಕೆ ಬಿಡಿ. ಒತ್ತಿದರೆ ಒಡೆದ ಗಾಜನ್ನು ಅವಳು ನೋಡುವ ಎರಡು ಸೆಕೆಂಡಿನ ಶಾಟ್ ಬರಲಿ. ಆಗ ನಾನೂ ಒಪ್ಪುತ್ತೇನೆ, ಆಯ್ಕೆಗೆ ಬೆಲೆ ಇದೆ ಅಂತ.

ಎಡಿಟಿಂಗ್_ಟೇಬಲ್

ಆ ಶಾಟ್ ಆದ ಮೇಲೆ ಅವಳು ಎಲ್ಲಿಗೆ ಹೋಗ್ತಾಳೆ ರವಿಕಿರಣ್? ಮತ್ತೆ ನಡುಮನೆಗೇ. ಹಿಂದಕ್ಕೆ ಬರುವ ಬಾಣ ಇನ್ನೊಂದು ಹೆಚ್ಚಾಯಿತು.

ರವಿಕಿರಣ

ಬೇಡ, ಅಲ್ಲಿಂದ ನೇರ ಅಣ್ಣ ಬಾಗಿಲು ತಟ್ಟಲಿ.

ಸುಮಾ_ಕಥೆ

ಅದು ಚೆನ್ನಾಗಿದೆ! ಒಡೆದ ಫೋನಿನ ಶಾಟ್ ಆದ ಕೂಡಲೇ ಬಾಗಿಲ ಸದ್ದು. ಹಾಗೇ ಜೋಡಿಸಿ ನೋಡ್ತೀವಿ. ಆದರೆ ಆ ಬಟನ್ ಒತ್ತದೆ ಕೋಣೆಗೆ ಹೋಗಿ ಬರಿಗೈಲಿ ಬಂದವರಿಗೆ ಅಣ್ಣ ಯಾವಾಗ ಬರಬೇಕು?

ಎಡಿಟಿಂಗ್_ಟೇಬಲ್

ಕೋಣೆಯಿಂದ ವಾಪಸ್ ಬರುವ ಆ ಚಿಕ್ಕ ಶಾಟಿನ ಮೇಲೇ. ಟೈಮರ್ ಮುಗಿದರೂ ಅದೇ. ನಾಲ್ಕನೇ ಸಾಲಿನ ಮುಂದೆ ಈಗ 5 ಅಂತ ಬರೆದುಕೊಳ್ಳಿ, ಆಮೇಲೆ ಆರೂ ಸಾಲನ್ನು ಮೇಲಿನಿಂದ ಇನ್ನೊಮ್ಮೆ ಓದಿ. ಅಣ್ಣ ಬಂದದ್ದನ್ನು ನೆನಪಿಡಬೇಕು ಅಂದರೆ ಮಾತ್ರ ಹೊಸ ಸಾಲುಗಳು ಬೇಕಾಗುತ್ತವೆ. ಅದು ನಿಮ್ಮ ಮುಕ್ತಾಯಗಳ ಮೇಲೆ ನಿಂತಿದೆ.